ಅಪ್ಪನ ಜಪಮಾಲೆ ಮತ್ತು ಲೆಕ್ಕದ ಪುಸ್ತಕ



ಜಪಮಾಲೆ ಹಿಡಿದವರ ಮನಸ್ಸಿನಲ್ಲಿ ಸಂಶಯಕ್ಕೆ ಜಾಗವೇ ಇರುವುದಿಲ್ಲ ಅಂತ ನಾವೆಲ್ಲ ತಿಳಿದುಕೊಂಡಿರುತ್ತೇವೆ. ಭಗವದ್ಗೀತೆಯ 4ನೇ ಅಧ್ಯಾಯದಲ್ಲಿ ಸಂಶಯ ಪಡುವವನಿಗೆ ಇಹವೂ ಇಲ್ಲ ಪರವೂ ಇಲ್ಲ ಎಂಬ ಅರ್ಥದ ಮಾತಿದೆ. ಅದನ್ನು ಕೇಳಿದ ಎಷ್ಟೋ ಜನ ತಮ್ಮ ಸಂಶಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಅಂಜುತ್ತಾ ಬದುಕುತ್ತಾರೆ. ಆದರೆ ಅದೇ ಗೀತೆಯಲ್ಲಿ ಎರಡು ಅಧ್ಯಾಯ ಮುಂದೆ ಇನ್ನೊಂದು ಮಾತಿದೆ. ಅದನ್ನು ತಿಳಿಯಲು ಈ ಕಥೆಯನ್ನು ಓದಬೇಕು.

ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ ಶಿವಣ್ಣ ಅಂತ ಒಬ್ಬರು ಬಸ್ ಕಂಡಕ್ಟರ್ ಇದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ದೇವರ ಮುಂದೆ ಕೂತು ಪಂಚಾಕ್ಷರಿ ಜಪ ಮುಗಿಸಿಯೇ ಮೊದಲನೇ ಟ್ರಿಪ್ಪಿಗೆ ಹೋಗುತ್ತಿದ್ದರು. ಶನಿವಾರ ಭಜನೆ ಮನೆಯಲ್ಲಿ ತಾಳ ಹಿಡಿಯುವವರೂ ಅವರೇ. ಊರಲ್ಲಿ ಯಾರಿಗಾದರೂ ಕಷ್ಟ ಬಂದರೆ "ಶಿವಣ್ಣನ ಹಂಗೆ ಗಟ್ಟಿ ನಂಬ್ಕೋಬೇಕು" ಅನ್ನುವ ಮಾತು ರೂಢಿಯಲ್ಲಿತ್ತು. 2005ರ ಸೆಪ್ಟೆಂಬರ್ 7ರ ಬೆಳಿಗ್ಗೆ, ಜಪಕ್ಕೆ ಕೂರುವ ಮೊದಲೇ, ಎದೆನೋವು ಬಂದು ಅವರು ತೀರಿಕೊಂಡರು.

ಅವರ ಮಗಳು ಸುಮಾ. ಆಗ ಎರಡನೇ ಪಿಯುಸಿ ಓದುತ್ತಿದ್ದಳು. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ಅಪ್ಪನ ಟ್ರಂಕು ತೆಗೆದಳು. ಯೂನಿಫಾರಂ ಕೆಳಗೆ ಒಂದು ಬಟ್ಟೆಯ ಚೀಲ, ಅದರೊಳಗೆ ರುದ್ರಾಕ್ಷಿ ಮಾಲೆ, ಪಕ್ಕದಲ್ಲಿ ರಟ್ಟಿನ ಹೊದಿಕೆಯ ಒಂದು ನೋಟ್ ಪುಸ್ತಕ.

ಮೊದಲು ಮಾಲೆ ಕೈಗೆ ತೆಗೆದುಕೊಂಡಳು. ಹೊಸ ರುದ್ರಾಕ್ಷಿಯ ಮೈ ಒರಟಾಗಿರುತ್ತದೆ, ಒಂದೊಂದು ಮುಖದ ನಡುವಿನ ಗೀಟೂ ಬೆರಳಿಗೆ ತಗಲುತ್ತದೆ. ಅಪ್ಪನ ಮಾಲೆಯ ಮಣಿಗಳು ಕೈಯ ಜಿಡ್ಡು ಕುಡಿದು ಕಪ್ಪಾಗಿದ್ದವು. ಗೀಟು ಸವೆದು ಮೈ ನುಣ್ಣಗಾಗಿತ್ತು. ಮಾಲೆಯನ್ನು ಮಧ್ಯದ ಬೆರಳ ಮೇಲೆ ಇಟ್ಟು ಹೆಬ್ಬೆರಳಿನಿಂದ ಎಳೆಯಬೇಕು, ತೋರುಬೆರಳು ತಾಗಬಾರದು, ಸುತ್ತು ಮುಗಿದಾಗ ಮೇರು ಮಣಿಯನ್ನು ದಾಟದೆ ಮಾಲೆಯನ್ನು ತಿರುಗಿಸಿಕೊಳ್ಳಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದು ನೆನಪಾಯಿತು. ಹಾಗೆ ತಿರುಗಿಸಿ ತಿರುಗಿಸಿ ಮೇರುವಿನ ಹತ್ತಿರ ದಾರ ಸವೆದು ನೂಲು ನೂಲಾಗಿತ್ತು. ಎಣಿಸಿದಳು. ಮೇರು ಬಿಟ್ಟು 108 ಮಣಿ. ಆದರೆ ಅದರಲ್ಲಿ ಒಂದು ಮಣಿ ಬೇರೆ ಥರ ಇತ್ತು. ಬಣ್ಣ ತಿಳಿ, ಗೀಟು ಇನ್ನೂ ಬೆರಳಿಗೆ ತಗಲುತ್ತಿತ್ತು. ಉಳಿದವು ಸವೆದಷ್ಟು ಅದು ಸವೆದಿರಲಿಲ್ಲ.

ಆಮೇಲೆ ಪುಸ್ತಕ ತೆರೆದಳು. ಕಂಡಕ್ಟರ್ ಅಲ್ಲವೇ, ದಿನದ ಟಿಕೆಟ್ ಲೆಕ್ಕ ಬರೆದ ಹಾಗೆಯೇ ಗೆರೆ ಎಳೆದು ಬರೆದಿದ್ದರು. ತಾರೀಖು, ಮಾಲೆ, ಇವತ್ತಿನ ಜಪ, ಒಟ್ಟು. ಆರಂಭ 2003ರ ಮಾರ್ಚ್ 1, ಮಹಾಶಿವರಾತ್ರಿ. ಮೇಲೆ "ಸಂಕಲ್ಪ: 5 ಲಕ್ಷ" ಅಂತಿತ್ತು. ಮಂತ್ರದಲ್ಲಿ ಎಷ್ಟು ಅಕ್ಷರವೋ ಅಷ್ಟು ಲಕ್ಷ ಜಪ ಮಾಡುವುದು ಪುರಶ್ಚರಣೆಯ ಕ್ರಮ. ಪಂಚಾಕ್ಷರಿಗೆ ಐದು ಅಕ್ಷರ, ಆದ್ದರಿಂದ ಐದು ಲಕ್ಷ. ಒಂದು ಮಾಲೆಗೆ 108 ಆದರೂ ಲೆಕ್ಕಕ್ಕೆ 100 ಅಂತಲೇ ಹಿಡಿಯುತ್ತಾರೆ, ಮಿಕ್ಕ ಎಂಟು ತಪ್ಪಿಗೆ, ಮರೆವಿಗೆ. ದಿನಕ್ಕೆ 10 ಮಾಲೆ ಅಂದರೆ ಒಂದು ಸಾವಿರ. ಹಾಗೆ 500 ದಿನ, ಒಂದು ದಿನವೂ ತಪ್ಪಬಾರದು.

ಎಡಗಡೆ ಪುಟದಲ್ಲಿ ಈ ಲೆಕ್ಕ. ಬಲಗಡೆ ಪುಟದಲ್ಲಿದ್ದದ್ದು ಬೇರೆ. "ಇವತ್ತು ಬರೀ ಬಾಯಿ ಹೇಳಿತು, ಮನಸ್ಸು ಡಿಪೋದಲ್ಲಿತ್ತು. ಇದು ಜಪವೋ, ಎಣಿಕೆಯೋ?" ಅಂತ ಒಂದು ಕಡೆ. "ಕೇಳಿಸಿಕೊಳ್ಳುವವರು ಇದ್ದಾರೆಯೇ? ನಾನೇ ಹೇಳಿ ನಾನೇ ಕೇಳುತ್ತಿದ್ದೇನೆಯೇ?" ಅಂತ ಇನ್ನೊಂದು ಕಡೆ. ಓದುತ್ತಾ ಓದುತ್ತಾ ಸುಮಾಳ ಕೈ ತಣ್ಣಗಾಯಿತು. ಇಡೀ ಊರು ನಂಬಿಗಸ್ಥ ಅಂದ ಅಪ್ಪನ ಅಕ್ಷರ ಇದು.

2004ರ ಏಪ್ರಿಲ್ 15. ಒಟ್ಟು 4,12,000. ಅಲ್ಲಿಗೆ ಲೆಕ್ಕ ನಿಂತಿತ್ತು. ಆ ತಾರೀಖು ಸುಮಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾರನೇ ದಿನ ಬೆಳಗಾಗುವ ಮುಂಚೆ ಅವಳ ತಮ್ಮ, ಒಂಬತ್ತು ವರ್ಷದ ಹುಡುಗ, ಜ್ವರದಲ್ಲಿ ಹೋಗಿಬಿಟ್ಟಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಅಪ್ಪ ಮಾಲೆ ಎಣಿಸುತ್ತಾ ಕೂತಿದ್ದನ್ನು ಅವಳೇ ನೋಡಿದ್ದಳು. ಬಲಗಡೆ ಪುಟದಲ್ಲಿ ಎರಡೇ ಸಾಲು. "ಮಾಲೆ ಗೋಡೆಗೆ ಎಸೆದೆ. 107 ಸಿಕ್ಕಿತು."

ಮುಂದೆ 43 ದಿನ ಖಾಲಿ. ಮೊದಲ ಹತ್ತು ದಿನಕ್ಕೆ "ಸೂತಕ" ಅಂತ ಬರೆದಿದ್ದರು, ಅವರ ಮನೆಯ ಪದ್ಧತಿಯಲ್ಲಿ ಸೂತಕದಲ್ಲಿ ಮಾಲೆ ಮುಟ್ಟುವ ಹಾಗಿರಲಿಲ್ಲ. ಆದರೆ ಮಿಕ್ಕ 33 ದಿನಕ್ಕೆ ಯಾವ ಪದ್ಧತಿಯ ನೆಪವೂ ಇರಲಿಲ್ಲ. "ಸೂತಕ ಕಳೆಯಿತು. ಮುಟ್ಟಲು ಮನಸ್ಸಿಲ್ಲ." ಅಷ್ಟೇ. ಮೇ 29ರಂದು ಮತ್ತೆ ಬರವಣಿಗೆ. "ಒಂದು ಮಣಿ ಕೊಂಡು ಪೋಣಿಸಿದೆ. ಒಂದು ಮಾಲೆ ಮಾಡಿದೆ. ನಂಬಿಕೆ ಬಂದು ಮಾಡಿದ್ದಲ್ಲ. ಸುಮ್ಮನಿರೋಕೆ ಆಗಲಿಲ್ಲ." ಸಂಕಲ್ಪದ ನಡುವೆ ಜಪ ನಿಂತರೆ ಹಿಂದಿನದು ಲೆಕ್ಕಕ್ಕಿಲ್ಲ ಅನ್ನುವುದು ಕಟ್ಟುನಿಟ್ಟಿನ ಕ್ರಮ. ಶಿವಣ್ಣನವರು ಆ 4,12,000ಕ್ಕೆ ಅಡ್ಡಗೆರೆ ಹಾಕಿ, ಜೂನ್ 1ರಿಂದ ಸೊನ್ನೆಯಿಂದ ಆರಂಭಿಸಿದ್ದರು. ಸಂಶಯದ ಸಾಲುಗಳು ಆಮೇಲೂ ನಿಂತಿರಲಿಲ್ಲ. ಕೊನೆಯ ಪುಟ, 2005ರ ಸೆಪ್ಟೆಂಬರ್ 6. ಒಟ್ಟು 4,63,000. ಬಲಗಡೆ ಹೀಗಿತ್ತು. "ಸಂಶಯ ಪಡುವವನು ಕೆಡುತ್ತಾನೆ ಅಂತ ಗೀತೆಯಲ್ಲಿದೆಯಂತೆ. ಅದು ನಾನೇ ಇರಬೇಕು."

ಚಿಕ್ಕಪ್ಪನಿಗೆ ತೋರಿಸಿದಳು. ಅವರು ಒಂದೆರಡು ಪುಟ ಓದಿ ಮುಖ ಕಪ್ಪಿಟ್ಟುಕೊಂಡರು. "ಇದು ಊರಲ್ಲಿ ಗೊತ್ತಾದ್ರೆ ಅಣ್ಣನ ಹೆಸರೇನಾಗ್ಬೇಕು? ಪುಸ್ತಕ ಒಲೆಗೆ ಹಾಕು. ಸರ ಪಶ್ಚಿಮವಾಹಿನಿಗೆ ತಗೊಂಡೋಗಿ ಬಿಟ್ಟು ಬರ್ತೀನಿ, ಅವನ ಅಸ್ಥಿ ಬಿಟ್ಟ ಕಡೆಗೇ ಹೋಗ್ಲಿ" ಅಂದರು. ಅವರದೂ ಅಣ್ಣನ ಮೇಲಿನ ಪ್ರೀತಿಯೇ. ಆದರೆ ಸುಮಾಳಿಗೆ ಊರಿನ ಚಿಂತೆ ಇರಲಿಲ್ಲ. ಗೀತೆಯಲ್ಲಿ ಹಾಗಿದ್ದರೆ ಅಪ್ಪ ಈಗ ಎಲ್ಲಿದ್ದಾರೆ ಎಂಬ ಒಂದೇ ಚಿಂತೆ. ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಮೂರನೇ ದಿನ ಪುಸ್ತಕ ಸೆರಗಿನಲ್ಲಿ ಮುಚ್ಚಿಕೊಂಡು, ರಾಮಮಂದಿರದಲ್ಲಿ ಏಕಾದಶಿಗೆ ಗೀತೆ ಹೇಳುತ್ತಿದ್ದ ನಿವೃತ್ತ ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದರು. ಆಮೇಲೆ ಕೇಳಿದರು.

"ನಿಮ್ಮಪ್ಪ ಬಲಗಡೆ ಬರೆದ ದಿನ ಎಡಗಡೆ ಖಾಲಿ ಇದೆಯೇನವ್ವ?"

ಸುಮಾ ಪುಟ ತಿರುವಿ ನೋಡಿದಳು. "ಆ 43 ದಿನ ಬಿಟ್ರೆ ಇಲ್ಲ ಮೇಷ್ಟ್ರೇ. ಎಲ್ಲಾ ದಿನ ಹತ್ತು ಮಾಲೆ ಇದೆ."

"ಹಾಗಾದ್ರೆ ಕೇಳು. 4ನೇ ಅಧ್ಯಾಯದಲ್ಲಿ ಬರೀ ಸಂಶಯದ ಮಾತಲ್ಲ ಇರೋದು. ತಿಳಿವಳಿಕೆ ಇಲ್ಲದವನು, ಶ್ರದ್ಧೆ ಇಲ್ಲದವನು, ಸಂಶಯದವನು ಅಂತ ಒಟ್ಟಿಗೆ ಸೇರಿಸಿ ಹೇಳ್ತಾನೆ. ಹೇಳಿ ಅಲ್ಲಿಗೇ ಬಿಡೋದಿಲ್ಲ. ಇನ್ನೆರಡು ಶ್ಲೋಕಕ್ಕೆ, ಆ ಸಂಶಯವನ್ನ ಜ್ಞಾನದ ಕತ್ತಿಯಿಂದ ಕಡಿದು ಎದ್ದು ನಿಲ್ಲು ಅಂತಾನೆ. ಸಂಶಯ ಬಂದವನು ಕೆಟ್ಟೇ ಹೋದ ಅನ್ನೋದಾದ್ರೆ ಎದ್ದು ನಿಲ್ಲು ಅಂತ ಯಾರಿಗೆ ಹೇಳ್ಬೇಕು?"

ಸುಮಾ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಐದು ಲಕ್ಷ ಮುಗೀಲಿಲ್ಲ ಮೇಷ್ಟ್ರೇ. ಇನ್ನು 37 ಸಾವಿರ ಇತ್ತು, 37 ದಿನ" ಅಂದಳು.

ಮೇಷ್ಟ್ರು 6ನೇ ಅಧ್ಯಾಯ ತೆಗೆದರು. "ಇದೇ ಪ್ರಶ್ನೆ ಅರ್ಜುನ ಕೇಳಿದಾನೆ, 37ನೇ ಶ್ಲೋಕದಿಂದ ನೋಡು. ಶ್ರದ್ಧೆ ಇದೆ, ಆದರೆ ಮನಸ್ಸು ಜಾರಿತು, ಸಾಧನೆ ಪೂರ್ತಿ ಆಗಲಿಲ್ಲ. ಅಂಥವನು ಚೂರಾದ ಮೋಡದ ಥರ ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಹೋಗ್ತಾನಾ ಅಂತ ಕೇಳ್ತಾನೆ. ಕೇಳಿ, ಈ ನನ್ನ ಸಂಶಯವನ್ನ ನೀನೇ ಬಿಡಿಸಬೇಕು, ಇನ್ನೊಬ್ಬರ ಕೈಲಿ ಆಗೋದಿಲ್ಲ ಅಂತಾನೆ. ಅರ್ಜುನನಿಗೂ ಸಂಶಯವೇ. ಆದರೆ ಅದನ್ನ ತಗೊಂಡು ಬೇರೆ ಕಡೆ ಹೋಗಲಿಲ್ಲ, ಭಗವಂತನ ಮುಂದೆಯೇ ಇಟ್ಟ. ನಿಮ್ಮಪ್ಪನೂ ಮಾಲೆಯ ಪಕ್ಕದಲ್ಲೇ ಇಟ್ಟಿದಾನೆ."

"ಅದಕ್ಕೆ ಕೃಷ್ಣ ಏನಂದ?"

"ಒಳ್ಳೇದು ಮಾಡಿದವನು ಯಾವನೂ ಕೆಟ್ಟ ಗತಿಗೆ ಹೋಗೋದಿಲ್ಲ ಅಂದ. ಅರ್ಧಕ್ಕೆ ನಿಂತವನು ಮತ್ತೆ ಒಳ್ಳೆ ಮನೇಲಿ ಹುಟ್ಟಿ, ಹಿಂದೆ ಸಂಪಾದಿಸಿದ ಬುದ್ಧಿ ತಾನಾಗೇ ಕೈಗೆ ಸಿಕ್ಕಿ, ಅಲ್ಲಿಂದ ಮುಂದಕ್ಕೆ ನಡೀತಾನೆ ಅಂದ. ಬಿಟ್ಟ ಕಡೆಯಿಂದ ಕಣವ್ವ, ಸೊನ್ನೆಯಿಂದ ಅಲ್ಲ. ನಿಮ್ಮಪ್ಪ ಅಡ್ಡಗೆರೆ ಹಾಕಿದ್ದು ತನ್ನ ಪುಸ್ತಕದಲ್ಲಿ. ಅವನು ಹಾಕೋದಿಲ್ಲ. ಇನ್ನೊಂದು ನೋಡು, ಆ ಮಾತು ಹೇಳುವಾಗ ಅರ್ಜುನನನ್ನ 'ತಾತ' ಅಂತ ಕರೀತಾನೆ. ನಮ್ಮ ಕನ್ನಡದ ತಾತ ಅಲ್ಲ. ಸಂಸ್ಕೃತದಲ್ಲಿ ಆ ಮಾತಿಗೆ ಅಪ್ಪ ಅಂತ ಅರ್ಥ, ಮಗನನ್ನ ಮುದ್ದಿನಿಂದ 'ಅಪ್ಪಾ' ಅಂತ ಕರೀತೀವಲ್ಲ, ಹಾಗೆ. ಸಂಶಯ ಹೇಳಿಕೊಂಡವನನ್ನ ಅವನು ಗದರಲಿಲ್ಲ."

ಸುಮಾಳ ಕಣ್ಣು ತುಂಬಿ ಬಂತು. "ಉಳಿದ 37 ಸಾವಿರ ನಾನು ಮುಗಿಸಲಾ?" ಅಂದಳು.

"ಅದು ಸಾಲ ಅಲ್ಲವ್ವ, ಮಗಳು ತೀರಿಸೋಕೆ. ಅಪ್ಪನ ಲೆಕ್ಕ ಅಪ್ಪನ ಹತ್ತಿರ ಇದೆ. ನಿನಗೆ ಬೇಕನ್ನಿಸಿದ್ರೆ ನಿನ್ನ ಒಂದು ಮಾಲೆ ನೀನು ಮಾಡು. ಬೇಡ ಅನ್ನಿಸಿದ ದಿನ ಅದನ್ನೂ ಬರೆದಿಡು."

ಆ ಸಂಜೆ ಪುಸ್ತಕವನ್ನು ತಾಯಿಗೆ ಓದಿ ಹೇಳಿದಳು. ಗೋಡೆಗೆ ಎಸೆದ ಪುಟ ಬಂದಾಗ ಹೇಳಬೇಕೋ ಬೇಡವೋ ಅಂತ ಅವಳ ದನಿ ತಡೆಯಿತು. ತಾಯಿ ತಲೆ ಎತ್ತದೆ ಹೇಳಿದರು, "ಓದು. ಮಣಿ ಆರಿಸ್ಕೊಟ್ಟೋಳು ನಾನೇ. ಒಂದು ಸಿಗಲಿಲ್ಲ. ಆ ಒಂದು ತಿಂಗಳು ದೇವರಿಗೆ ದೀಪ ನಾನು ಹಚ್ಚಿದೆ. ನೀನ್ಯಾಕೆ ಕೂರಲ್ಲ ಅಂತ ನಿಮ್ಮಪ್ಪನ್ನ ಒಂದು ದಿನಾನೂ ಕೇಳಲಿಲ್ಲ." ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು ಸರದ ಮಾತು ಮತ್ತೆ ಎತ್ತಲಿಲ್ಲ. ಮೇರುವಿನ ಹತ್ತಿರ ಸವೆದ ದಾರ ತೆಗೆಸಿ ಹೊಸ ದಾರಕ್ಕೆ ಪೋಣಿಸಿದರು. ತಿಳಿ ಬಣ್ಣದ ಮಣಿ ಅದರ ಜಾಗದಲ್ಲೇ ಉಳಿಯಿತು.

ಸದ್ಭಕ್ತರೇ, ಶ್ರದ್ಧೆ ಅಂದರೆ ಪ್ರಶ್ನೆ ಹುಟ್ಟದೆ ಇರುವುದಲ್ಲ. ಪ್ರಶ್ನೆ ಹುಟ್ಟಿದ ದಿನವೂ ಶಿವಣ್ಣನವರು ಎಡಗಡೆ ಪುಟ ತುಂಬಿಸಿದರು. ಅದು ಶ್ರದ್ಧೆ. ತುಂಬಿಸಲಾಗದ 33 ದಿನವನ್ನು ಸುಳ್ಳು ಲೆಕ್ಕ ಬರೆದು ಮುಚ್ಚಲಿಲ್ಲ. ಅದೂ ಶ್ರದ್ಧೆಯೇ. ನಿಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಇಂಥ ಪುಸ್ತಕ ಸಿಕ್ಕರೆ ಒಲೆಗೆ ಹಾಕಬೇಡಿ. 4ನೇ ಅಧ್ಯಾಯದ ಮಾತಿಗೆ ಅಂಜಿದವರು 6ನೇ ಅಧ್ಯಾಯದ 37ರಿಂದ 45ನೇ ಶ್ಲೋಕದವರೆಗೆ ಅರ್ಥ ಸಹಿತ ಓದಿರಿ, ಮನೆಯವರಿಗೂ ಓದಿ ಹೇಳಿರಿ.

ಶುಭಮಸ್ತು.