ಜನ್ಮಾಕ್ಷರವೂ ಕರೆಯುವ ಹೆಸರೂ

ಮಗು ಹುಟ್ಟಿ ಪುರುಡು ಕಳೆಯುವ ಹೊತ್ತಿಗೆ ಶಿಕಾರಿಪುರ, ಸೊರಬ ಸೀಮೆಗಳ ಮನೆಗಳಲ್ಲಿ ಏಳುವ ಮೊದಲನೆಯ ಪ್ರಶ್ನೆ, “ಯಾವ ಅಕ್ಷರ ಬಂದಿದೆ?” ಎಂಬುದು. ಅಕ್ಷರವು ಎಲ್ಲಿಂದ ಬಂದಿತು, ಏತಕ್ಕಾಗಿ ಬಂದಿತು ಎಂದು ಕೇಳುವವರು ವಿರಳ. ಹಿರಿಯರು ಅದನ್ನು ಆಜ್ಞೆಯೆಂದು ಹಿಡಿಯುತ್ತಾರೆ. ಕಿರಿಯರು ಅದನ್ನು ಹೊರೆಯೆಂದು ಸಹಿಸುತ್ತಾರೆ, ಇಲ್ಲವೆ ತಳ್ಳಿಹಾಕುತ್ತಾರೆ. ಎರಡು ಪಕ್ಷದವರೂ ಆ ಅಕ್ಷರದ ಸ್ವರೂಪವನ್ನು ವಿಚಾರಿಸಿದ್ದರೆ ಜಗಳದ ಬಹುಭಾಗವು ತಾನಾಗಿಯೆ ಇಳಿದುಹೋಗುತ್ತಿತ್ತು.

ಪಂಚಾಂಗಗಳಲ್ಲಿ ಅಚ್ಚಾಗುವ ಈ ಅಕ್ಷರಗಳ ಪಟ್ಟಿಗೆ ಅವಕಹಡ ಚಕ್ರವೆಂದು ಹೆಸರು. ಅ ವ ಕ ಹ ಡ ಎಂಬ ಮೊದಲ ಸಾಲಿನಿಂದಲೆ ಆ ಹೆಸರು ಬಂದಿದೆ. ಎರಡನೆಯ ಸಾಲು ಮ ಟ ಪ ರ ತ. ಮೂರನೆಯದು ನ ಯ ಭ ಜ ಖ. ನಾಲ್ಕನೆಯದು ಗ ಸ ದ ಚ ಲ. ಹೀಗೆ ಇಪ್ಪತ್ತು ಅಕ್ಷರಗಳು. ಒಂದೊಂದಕ್ಕೂ ಅ ಇ ಉ ಎ ಒ ಎಂಬ ಐದು ಸ್ವರಗಳನ್ನು ಕೂಡಿಸಿದರೆ ನೂರು. ಕು, ಪು, ಭು, ದು ಎಂಬ ನಾಲ್ಕರ ಹಿಂದೆ ಮೂರು ಮೂರು ಅಕ್ಷರಗಳನ್ನು ಬೇರೆಯಾಗಿ ಸೇರಿಸಿದ್ದಾರೆ. ಅಲ್ಲಿಗೆ ನೂರ ಹನ್ನೆರಡು. ಅಭಿಜಿತ್ತನ್ನೂ ಎಣಿಸಿದರೆ ನಕ್ಷತ್ರಗಳು 28, ಪಾದಗಳು 112. ಲೆಕ್ಕವು ಸರಿಯಾಗಿ ಕೂಡಿತು. ಅಶ್ವಿನಿಯಿಂದಲ್ಲದೆ ಕೃತ್ತಿಕೆಯಿಂದ ಈ ಎಣಿಕೆ ಹೊರಡುವುದನ್ನು ಗಮನಿಸಬೇಕು. ವೈದಿಕವಾದ ನಕ್ಷತ್ರಗಣನೆಯೂ ಹಾಗೆಯೆ ಇತ್ತು. ಕೃತ್ತಿಕೆಗೆ ಅ ಇ ಉ ಎ. ರೋಹಿಣಿಗೆ ಒ ವ ವಿ ವು. ಹೀಗೆ ಮಗ್ಗದ ಹಾಸಿನಂತೆ ಪಟ್ಟಿಯು ಹರಿದುಹೋಗುತ್ತದೆ. ಅಕ್ಷರಕ್ಕೂ ನಕ್ಷತ್ರದ ಗುಣಕ್ಕೂ ಇಲ್ಲಿ ಸಂಬಂಧವನ್ನು ಕಲ್ಪಿಸಿಲ್ಲ. ಸರದಿಯೊಂದೆ ಇಲ್ಲಿಯ ನಿಯಮ. ಸರದಿಯು ಬಂದಿತೆಂದು ಆರ್ದ್ರೆಯ ಮೂರನೆಯ ಪಾದಕ್ಕೆ ಙ ಬಿದ್ದಿದೆ. ಙಕಾರದಿಂದ ಹೆಸರನ್ನು ಹುಡುಕಿದ ತಂದೆ ಭರತಖಂಡದಲ್ಲಿ ಹುಟ್ಟಿಲ್ಲ. ಅಂತಹ ಕಡೆಯಲ್ಲಿ ಙಕ್ಕೆ ಗ, ಞಕ್ಕೆ ಜ, ಣಕ್ಕೆ ಡ ಹಿಡಿಯಬಹುದೆಂದು ದೈವಜ್ಞರೆ ದಾರಿ ತೋರಿಸಿದ್ದಾರೆ. ಹ್ರಸ್ವದೀರ್ಘಗಳಿಗೂ ಭೇದವಿಲ್ಲ.

ಹಾಗಾದರೆ ಇಷ್ಟು ಶ್ರಮದಿಂದ ಈ ಚಕ್ರವನ್ನು ಹೂಡಿದುದೇಕೆ? ನಾಮದಿಂದ ನಕ್ಷತ್ರವನ್ನು ತಿಳಿಯುವುದೆ ಇದರ ದೊಡ್ಡ ಪ್ರಯೋಜನ. ಜಾತಕವಿಲ್ಲದ ಮನೆಗಳಲ್ಲಿ ಇಂದಿಗೂ “ಹೆಸರುಬಲ” ನೋಡುವ ವಾಡಿಕೆಯುಂಟಷ್ಟೆ. ಗಂಡುಹೆಣ್ಣುಗಳ ಹೆಸರಿನ ಮೊದಲಕ್ಷರದಿಂದ ನಕ್ಷತ್ರವನ್ನು ಹಿಡಿದು ಕೂಟವನ್ನು ಎಣಿಸುತ್ತಾರೆ. ಹುಟ್ಟಿದ ವೇಳೆಯನ್ನು ಬರೆದಿಡಲು ಓಲೆಯೂ ಕಂಠವೂ ಇಲ್ಲದ ಮನೆಯಲ್ಲಿ, ಮಗುವಿನ ಹೆಸರಿನ ತಲೆಯಲ್ಲಿಯೆ ನಕ್ಷತ್ರಪಾದವನ್ನು ಕಟ್ಟಿಟ್ಟರೆ ಅದು ಮರೆತುಹೋಗುವಂತಿಲ್ಲ. ಇದು ನೆನಪಿನ ಗಂಟು. ಸೆರಗಿನ ತುದಿಗೆ ಕಾಸನ್ನು ಕಟ್ಟಿಕೊಂಡಂತೆ, ಹೆಸರಿನ ತುದಿಗೆ ಪಾದವನ್ನು ಕಟ್ಟಿದರು. ಜನನದ ವೇಳೆಯನ್ನು ನಿಮಿಷಸಹಿತವಾಗಿ ಆಸ್ಪತ್ರೆಯವರೆ ಬರೆದುಕೊಡುವ ಕಾಲದಲ್ಲಿ ಆ ಗಂಟಿನ ಅವಶ್ಯಕತೆಯು ಎಷ್ಟು ಉಳಿದಿದೆಯೆಂಬುದನ್ನು ವಿವೇಕಿಗಳು ಆಲೋಚಿಸಬೇಕು.

ಈ ಗಂಟಾದರೂ ಸರಿಯಾಗಿ ಬೀಳುವುದೆ? ಶಿಕಾರಿಪುರದ ಒಂದು ಮನೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಬೆಂಗಳೂರಿನ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗವು ಆ ಮನೆಯಲ್ಲಿದೆ. ವಿಷುವತ್ತಿನ ಸಮೀಪದ ಒಂದು ದಿನ ಪುನರ್ವಸುವು 20 ಘಳಿಗೆಗೆ ಮುಗಿದು ಪುಷ್ಯವು ಹತ್ತಿತು. ಮರುದಿನ ಪುಷ್ಯವು 22 ಘಳಿಗೆಗೆ ಮುಗಿಯಿತು. ಮೊದಲ ದಿನದ ಉಳಿದ 40, ಎರಡನೆಯ ದಿನದ 22, ಒಟ್ಟು ಪುಷ್ಯದ ಭೋಗವು 62 ಘಳಿಗೆ. ಅದನ್ನು ನಾಲ್ಕರಿಂದ ಭಾಗಿಸಿದರೆ ಒಂದು ಪಾದಕ್ಕೆ 15 ಘಳಿಗೆ 30 ವಿಘಳಿಗೆ. ಪಾದವೆಂದರೆ ಆರು ಗಂಟೆಯೆಂದು ಬಾಯಲ್ಲಿ ಹೇಳುವವರು ಇಲ್ಲಿಯೆ ತಪ್ಪುತ್ತಾರೆ. ಚಂದ್ರನ ಗತಿಯು ದಿನದಿನಕ್ಕೆ ಬೇರೆಯಾದುದರಿಂದ ಭೋಗವನ್ನು ಆಯಾ ದಿನವೆ ಎಣಿಸಬೇಕು. ಮಗು ಹುಟ್ಟಿದ್ದು ಮೊದಲ ದಿನ, ಶಿಕಾರಿಪುರದ ಸೂರ್ಯೋದಯದಿಂದ 35 ಘಳಿಗೆ 20 ವಿಘಳಿಗೆಗೆ. ಅದರಲ್ಲಿ 20 ಘಳಿಗೆಯನ್ನು ಕಳೆದರೆ ಪುಷ್ಯದಲ್ಲಿ ಕಳೆದದ್ದು 15 ಘಳಿಗೆ 20 ವಿಘಳಿಗೆ. ಪಾದವು ಮುಗಿಯಲು ಇನ್ನೂ 10 ವಿಘಳಿಗೆ, ಎಂದರೆ 4 ನಿಮಿಷ, ಉಳಿದಿದೆ. ಆದುದರಿಂದ ಪುಷ್ಯದ ಪ್ರಥಮ ಪಾದ, ಅಕ್ಷರವು ಹು.

ಮನೆಯ ಅಜ್ಜನಿಗೆ ಹಿಗ್ಗು. ಊರ ದೇವರು ಹುಚ್ಚರಾಯಸ್ವಾಮಿ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಎಂದು ಜನವು ಮೂರು ಹನುಮಂತರನ್ನು ಒಂದೇ ಉಸಿರಿನಲ್ಲಿ ನೆನೆಯುತ್ತದೆ. ಆ ಭ್ರಾಂತೇಶನೆ ಹುಚ್ಚರಾಯ. ಆ ಸೀಮೆಯಲ್ಲಿ ಹುಚ್ಚಪ್ಪ, ಹುಚ್ಚಮ್ಮ ಎಂಬ ಹೆಸರುಗಳನ್ನು ಇಟ್ಟುಕೊಂಡು ಮರ್ಯಾದೆಯಿಂದ ಬಾಳಿದವರು ಎಷ್ಟೊ ಮಂದಿ. “ದೇವರೇ ತನ್ನ ಅಕ್ಷರ ಕೊಟ್ಟಿದ್ದಾನೆ, ಇನ್ನೇನು ಹುಡುಕುತ್ತೀರಿ?” ಎನ್ನುತ್ತಾನೆ ಅಜ್ಜ. ತಾಯಿಯು ತಲೆ ತಗ್ಗಿಸಿ, “ಮಾವಯ್ಯ, ಊರಲ್ಲಿ ಅದು ದೇವರ ಹೆಸರು, ಬೆಂಗಳೂರಿನ ಶಾಲೆಯಲ್ಲಿ ಅದು ಬೈಗುಳ” ಎನ್ನುತ್ತಾಳೆ. ಇಬ್ಬರ ಮಾತೂ ನಿಜ. ಮಧ್ಯಸ್ಥರು ಯಾರೊ ಹ್ರಸ್ವದೀರ್ಘಗಳಿಗೆ ಭೇದವಿಲ್ಲವೆಂಬುದನ್ನು ನೆನೆದು ಹೂವಯ್ಯನೆಂದು ಸೂಚಿಸಿದರೆ, ಶ್ರೀ ಕುವೆಂಪು ಅವರ 1936ರ ಕಾದಂಬರಿಯ ನಾಯಕನ ಹೆಸರಾದುದರಿಂದ ತಂದೆಯು ಅರ್ಧ ಒಪ್ಪುತ್ತಾನೆ. ಇನ್ನೊಬ್ಬರು ಹೃದಯನಾಥನೆಂದರೆ ಅದನ್ನು ಒಪ್ಪಲಾಗದು. ಕನ್ನಡದ ನಾಲಗೆಯು ಋಕಾರವನ್ನು ರು ಎಂದು ನುಡಿಯಿತೆಂದ ಮಾತ್ರಕ್ಕೆ ಹೃ ಎಂಬುದು ಹು ಆಗುವುದಿಲ್ಲ.

ಆದರೆ ಈ ಜಗಳದ ಅಡಿಗಲ್ಲೆ ಸಡಿಲವಾಗಿದೆ. ಬೆಂಗಳೂರಿಗಿಂತ ಶಿಕಾರಿಪುರವು ಸುಮಾರು ಎರಡೂಕಾಲು ಅಂಶ ಪಶ್ಚಿಮಕ್ಕಿದೆ. ವಿಷುವಕಾಲದಲ್ಲಿ ಅಲ್ಲಿ ಸೂರ್ಯನು ಕಾಣುವುದು ಸುಮಾರು 9 ನಿಮಿಷ ತಡ, ಎಂದರೆ 22 ವಿಘಳಿಗೆಗೂ ಹೆಚ್ಚು. ಪಂಚಾಂಗದ ಘಳಿಗೆಗಳು ಬೆಂಗಳೂರಿನ ಉದಯದಿಂದ ಎಣಿಸಿದವು; ಹುಟ್ಟಿದ ವೇಳೆಯನ್ನು ಮಾತ್ರ ಶಿಕಾರಿಪುರದ ಉದಯದಿಂದ ಎಣಿಸಲಾಯಿತು. ಎರಡನ್ನೂ ಒಂದೇ ಮೊದಲಿಗೆ ತಂದರೆ ಜನನವು 35 ಘಳಿಗೆ 42 ವಿಘಳಿಗೆಗೆ ಆಗುತ್ತದೆ. ಪುಷ್ಯದಲ್ಲಿ ಕಳೆದದ್ದು 15 ಘಳಿಗೆ 42 ವಿಘಳಿಗೆ. ಪ್ರಥಮ ಪಾದವು 12 ವಿಘಳಿಗೆಯ ಹಿಂದೆಯೆ ಮುಗಿದಿತ್ತು. ದ್ವಿತೀಯ ಪಾದ, ಅಕ್ಷರವು ಹೆ. ಹೇಮಂತನೆಂದಿಡಲು ಯಾರ ಅಡ್ಡಿಯೂ ಇರುತ್ತಿರಲಿಲ್ಲ. ಗಡಿಯಾರದ ಗಂಟೆನಿಮಿಷಗಳಲ್ಲಿಯೆ ನಕ್ಷತ್ರಾಂತ್ಯವನ್ನು ಅಚ್ಚುಮಾಡುವ ಪಂಚಾಂಗಗಳಿಂದ ಈ ದೋಷವು ತಪ್ಪುತ್ತದೆ, ನಿಜ. ಆದರೆ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ಇರುವ ಅಂತರವು ಇದಕ್ಕಿಂತ ದೊಡ್ಡದು. ಪಾದದ ಅಂಚಿನಲ್ಲಿ ಹುಟ್ಟಿದ ಶಿಶುವಿಗೆ ಎರಡು ಪಂಚಾಂಗಗಳು ಎರಡು ಅಕ್ಷರಗಳನ್ನು ಕೊಟ್ಟರೆ ಆಶ್ಚರ್ಯಪಡಬೇಕಾದುದಿಲ್ಲ. ಅಂಚಿನಿಂದ ಎಷ್ಟು ದೂರವೆಂಬುದನ್ನು ಕೇಳದೆ ಅಕ್ಷರಕ್ಕಾಗಿ ಹಟ ಹಿಡಿಯುವುದು ಅಳತೆಯನ್ನರಿಯದೆ ಬೇಲಿಗಾಗಿ ಬಡಿದಾಡಿದಂತೆ.

ಅಕ್ಷರವು ಸಂದೇಹಕ್ಕೆಡೆಯಿಲ್ಲದೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದರಿಂದಲೆ ಕರೆಯಬೇಕೆಂದು ಶಾಸ್ತ್ರವು ವಿಧಿಸಿದೆಯೆ? ಆಶ್ವಲಾಯನ ಗೃಹ್ಯಸೂತ್ರವು ಹೆಸರಿನ ಮೊದಲಲ್ಲಿ ಘೋಷಾಕ್ಷರವೂ ನಡುವೆ ಅಂತಸ್ಥವೂ ಇರಬೇಕೆನ್ನುತ್ತದೆ. ಗಂಡಿಗೆ ಸಮಸಂಖ್ಯೆಯ ಅಕ್ಷರಗಳು, ಹೆಣ್ಣಿಗೆ ವಿಷಮ. ಮಹಾಭಾಷ್ಯದಲ್ಲಿ ಪತಂಜಲಿಯೂ ವ್ಯಾಕರಣದ ಪ್ರಯೋಜನವನ್ನು ಹೇಳುವಾಗ ಈ ನಿಯಮವನ್ನೆ ಎತ್ತಿಕೊಳ್ಳುತ್ತಾನೆ. ಕ, ಚ, ಟ, ತ, ಪ, ಸಗಳು ಘೋಷಾಕ್ಷರಗಳಲ್ಲ; ಅವಕಹಡದಲ್ಲಿಯಾದರೊ ಅವು ಹೆಜ್ಜೆಹೆಜ್ಜೆಗೂ ಬರುತ್ತವೆ. ಪುನರ್ವಸುವಿನ ಪ್ರಥಮ ಪಾದದವನಿಗೆ ಕೇಶವನೆಂದಿಟ್ಟರೆ ಚಕ್ರವು ಮೆಚ್ಚುತ್ತದೆ, ಸೂತ್ರವು ಮೆಚ್ಚುವುದಿಲ್ಲ. ಎರಡೂ ಒಂದೇ ಹೆಸರಿನ ವಿಷಯವಾಗಿ ಮಾತಾಡುತ್ತಿಲ್ಲವೆಂಬುದು ಇದರಿಂದ ಸ್ಪಷ್ಟ. ಹೆಣ್ಣುಮಕ್ಕಳ ಹೆಸರು ಸುಖವಾಗಿ ಉಚ್ಚರಿಸುವಂತೆ, ಕ್ರೂರವಲ್ಲದಂತೆ, ಅರ್ಥವು ತಿಳಿಯುವಂತೆ, ಮನೋಹರವಾಗಿ ಇರಬೇಕೆಂದು ಮನುವು ಹೇಳಿದ್ದಾನೆ. ಆಶ್ಲೇಷೆಯ ಡಿ ಡು ಡೆ ಡೊಗಳಿಂದ ಆ ಲಕ್ಷಣಗಳನ್ನು ಪೂರೈಸುವ ಒಂದು ಸಂಸ್ಕೃತ ನಾಮವನ್ನು ತೋರಿಸಬಲ್ಲವರು ಮುಂದೆ ಬರಲಿ. ಈ ಇಕ್ಕಟ್ಟಿನಲ್ಲಿ ಕೆಲವರು ಡಿಂಪಲ್ ಎಂದಿಟ್ಟು ಅಜ್ಜನ ಅಕ್ಷರವನ್ನೂ ತಮ್ಮ ಅಭಿರುಚಿಯನ್ನೂ ಉಳಿಸಿಕೊಂಡೆವೆಂದು ಸಂತೋಷಪಡುತ್ತಾರೆ! ಇನ್ನು ಕೆಲವರು ಡಿಯನ್ನು ದಿ ಮಾಡಿ ದಿವ್ಯಾ ಎನ್ನುತ್ತಾರೆ. ದಿ ಎಂಬುದು ಪೂರ್ವಾಭಾದ್ರೆಯ ಕೊನೆಯ ಪಾದ. ಹೆಸರು ಚೆಲುವಾಯಿತು, ಗಂಟು ಮಾತ್ರ ಬೇರೆ ನಕ್ಷತ್ರಕ್ಕೆ ಬಿತ್ತು.

ಅದೇ ಆಶ್ವಲಾಯನರು ಅಭಿವಾದನೀಯವೆಂಬ ಮತ್ತೊಂದು ಹೆಸರನ್ನು ಹೇಳಿ, ಉಪನಯನದವರೆಗೆ ಅದನ್ನು ತಾಯಿತಂದೆಗಳು ಮಾತ್ರ ಅರಿತಿರಬೇಕೆನ್ನುತ್ತಾರೆ. ಅಂತಹ ಹೆಸರನ್ನು ನಕ್ಷತ್ರದಿಂದಲೊ ಅದರ ದೇವತೆಯಿಂದಲೊ ಕಟ್ಟಬಹುದೆಂದು ಬೇರೆ ಗೃಹ್ಯಕಾರರ ಮತ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಾಶೀನಾಥೋಪಾಧ್ಯಾಯರು ರಚಿಸಿದ ಧರ್ಮಸಿಂಧುವು ದೇವತಾನಾಮ, ಮಾಸನಾಮ, ನಾಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕನ್ನು ವಿಂಗಡಿಸುತ್ತದೆ. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರುಗಳನ್ನು ಬರೆದು ಮಗುವಿನ ಕಿವಿಯಲ್ಲಿ ಹೇಳುವುದು ಈ ವಿಂಗಡಣೆಯ ಆಚರಣೆ. ನಾಲ್ಕು ಹೆಸರುಗಳ ಕೆಲಸವನ್ನು ಒಂದರ ತಲೆಯ ಮೇಲೆ ಹೊರಿಸಿದುದು ಋಷಿಗಳ ದೋಷವಲ್ಲ. ದಾಖಲೆಯಲ್ಲಿ ಒಂದೇ ಹೆಸರಿಗೆ ಎಡೆಯಿರುವುದರಿಂದ, ಬರೆದ ಹೆಸರೆ ನಿಜವಾದ ಹೆಸರೆಂಬ ಭ್ರಮೆಯು ನಮ್ಮವರಿಗೆ ಹತ್ತಿತು.

ಧರ್ಮದ ಪ್ರಶ್ನೆಯು ಉಳಿಯುವುದು ಇಲ್ಲಿ. ಗುಟ್ಟಾಗಿ ಒಂದು, ಬಹಿರಂಗವಾಗಿ ಒಂದು ಹೆಸರನ್ನಿಡುವುದು ಅಜ್ಜನ ಕಣ್ಣಿಗೆ ಮಣ್ಣೆರಚಿದಂತೆ ಆಗದೆ? ಅಜ್ಜನಿಗೆ ತಿಳಿಸದೆ ಮಾಡಿದರೆ ಆಗುತ್ತದೆ. ಅವನೆ ಆ ಅಕ್ಷರದ ಹೆಸರನ್ನು ಆರಿಸಿ ಕಿವಿಯಲ್ಲಿ ಹೇಳಿದರೆ, ಅದು ಅವನ ಪಾಲಿನ ದಾನ, ವಂಚನೆಯ ಮಾತೆಲ್ಲಿ? ಹೆಸರಿನ ಸುಖದುಃಖಗಳನ್ನು ಹೊರತಕ್ಕವನು ತೊಟ್ಟಿಲಲ್ಲಿದ್ದಾನೆ, ಅವನನ್ನು ಯಾರೂ ಕೇಳಲಿಲ್ಲ. ಈ ಕಾರಣದಿಂದ ಅವನ ಕಿವಿಗೆ ಹಿತವಾದುದು ಅಜ್ಜನ ಹಿಗ್ಗಿಗೂ ತಾಯಿಯ ಷೋಕಿಗೂ ಮುಂದಾಗಬೇಕು. ಹೊಸತೊಂದೆ ಗುಣವೆಂದು, ಅರ್ಥವೂ ಧಾತುವೂ ಇಲ್ಲದ ಶಬ್ದವನ್ನು ಹಚ್ಚುವ ತಂದೆಯು ಹುಚ್ಚರಾಯನೆನ್ನುವ ಅಜ್ಜನಿಗಿಂತ ಹೆಚ್ಚಿನ ಕರುಣೆಯುಳ್ಳವನೇನೂ ಅಲ್ಲ. ಅವನ ಮಗನಿಗೆ ಹೆಸರಿನ ಅರ್ಥವನ್ನು ಕೇಳಿದಾಗ ಹೇಳಲು ಒಂದು ದೇವಸ್ಥಾನವೂ ಇರುವುದಿಲ್ಲ.

ಅವಸರಪಡುವ ಕಾರಣವೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ 14ನೆಯ ಪ್ರಕರಣದಂತೆ ಹೆಸರಿಲ್ಲದೆಯೂ ಜನನವನ್ನು ಬರೆಸಿ, ಹೆಸರನ್ನು ಆಮೇಲೆ ಸೇರಿಸಬಹುದು. ಹನ್ನೆರಡು ತಿಂಗಳೊಳಗೆ ಶುಲ್ಕವೂ ಇಲ್ಲ. ಹನ್ನೆರಡನೆಯ ದಿನದ ತೊಟ್ಟಿಲಿನ ಹೆಸರಿಗೂ ಕಚೇರಿಯ ಹೆಸರಿಗೂ ನಡುವೆ ಮನೆಯವರು ಕೂತು ಮಾತಾಡುವಷ್ಟು ಕಾಲವನ್ನು ಸರಕಾರವೆ ಕೊಟ್ಟಿದೆ.

ಸೊರಬ ಸೀಮೆಯಲ್ಲಿ ಈ ತೊಡಕೆ ಇಲ್ಲದ ಮನೆಗಳೂ ಉಂಟು. ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತು ಹುಟ್ಟಿದವನು ಗುತ್ಯಪ್ಪ. ಯಾವ ಪಾದದಲ್ಲಿ ಹುಟ್ಟಿದನೆಂದು ಯಾರೂ ನೋಡಲಿಲ್ಲ. ಅಮ್ಮನು ಕೊಟ್ಟಳು, ಅಮ್ಮನ ಹೆಸರಿಟ್ಟರು. ಅವನ ಮದುವೆಗೆ ಹೆಸರುಬಲ ನೋಡುವವರು ಗುಕಾರವನ್ನು ಹಿಡಿದು ಧನಿಷ್ಠೆಯ ಮೂರನೆಯ ಪಾದ, ಕುಂಭರಾಶಿ ಎನ್ನುತ್ತಾರೆ. ಆ ಸೀಮೆಯ ಗುತ್ಯಪ್ಪಂದಿರೆಲ್ಲರೂ ಹೀಗೆ ಒಂದೇ ನಕ್ಷತ್ರದಲ್ಲಿ ಹುಟ್ಟಿದವರಾದರು. ಪಂಚಾಂಗದವರು ಇದನ್ನು ಕಂಡು ನಕ್ಕರೂ ನಗಲಿ. ಗುತ್ಯಪ್ಪನ ತಾಯಿಯು ಮಾತ್ರ ಮಗನನ್ನು ಕರೆಯುವಾಗಲೆಲ್ಲ ತನ್ನ ಹರಕೆಯನ್ನು ನೆನೆಯುತ್ತಿದ್ದಳು.