ಬಿಟ್ಟುಹೋದ ಅರವತ್ತು ಮಂದಿ

ಪಿಎಚ್.ಡಿ. ಮಹಾಪ್ರಬಂಧಗಳಲ್ಲಿ ‘ಅಧ್ಯಯನದ ಮಿತಿಗಳು’ ಎಂಬ ಭಾಗವನ್ನು ತೆರೆದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಇಂಥ ಮಾತುಗಳು: ‘ಸಮಯ ಮತ್ತು ಹಣದ ಅಭಾವದಿಂದ ಅಧ್ಯಯನವನ್ನು ಒಂದು ತಾಲ್ಲೂಕಿಗೆ ಸೀಮಿತಗೊಳಿಸಲಾಗಿದೆ. ಉತ್ತರದಾತರು ನೀಡಿದ ಮಾಹಿತಿಯನ್ನೇ ಅವಲಂಬಿಸಲಾಗಿದೆ. ಆದ್ದರಿಂದ ಫಲಿತಾಂಶಗಳನ್ನು ಸಾರ್ವತ್ರೀಕರಿಸಲು ಬರುವುದಿಲ್ಲ.’ ಈ ಮೂರು ವಾಕ್ಯಗಳನ್ನು ಯಾವ ಪ್ರಬಂಧದಿಂದ ಕಿತ್ತು ಯಾವುದಕ್ಕೆ ಅಂಟಿಸಿದರೂ ಹೊಂದಿಕೊಳ್ಳುತ್ತವೆ. ಓದುವವರಿಗೆ ಇವುಗಳಿಂದ ಹೊಸದೇನೂ ತಿಳಿಯುವುದಿಲ್ಲ. ಮೂರನೆಯ ವಾಕ್ಯವಂತೂ ವರ್ಷಗಟ್ಟಲೆ ಊರೂರು ಸುತ್ತಿ ಕಂಡುಕೊಂಡದ್ದನ್ನೆಲ್ಲ ಒಂದೇ ಏಟಿಗೆ ಕೆಡವಿಬಿಡುತ್ತದೆ. ಪ್ರಾಮಾಣಿಕವಾಗಿ ಕಾಣುವ ಈ ಬರವಣಿಗೆ ನಿಜವಾದ ಕೊರತೆಯನ್ನು ಹೇಳುವುದೂ ಇಲ್ಲ, ಕೆಲಸವನ್ನು ಕಾಪಾಡುವುದೂ ಇಲ್ಲ.

ಎರಡನ್ನೂ ಸಾಧಿಸಿದ ಬರಹವೊಂದು 1950ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ 20 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 709 ಮಂದಿಯನ್ನೂ, ಬೇರೆ ಕಾಯಿಲೆಗಳ 709 ಮಂದಿಯನ್ನೂ ಧೂಮಪಾನದ ಅಭ್ಯಾಸದ ಬಗ್ಗೆ ಕೇಳಿಸಿ ಹೋಲಿಸಿದ್ದರು. ಇದರಲ್ಲಿ ದೊಡ್ಡದೊಂದು ಕೊರತೆಯಿತ್ತು. ಪ್ರಶ್ನೆ ಕೇಳಿದವರಿಗೆ ಯಾವ ರೋಗಿಗೆ ಯಾವ ಕಾಯಿಲೆ ಎಂಬುದು ಮೊದಲೇ ಗೊತ್ತಿರುತ್ತಿತ್ತು. ಕ್ಯಾನ್ಸರ್ ರೋಗಿಯೆಂದು ತಿಳಿದಾಗ ಅವರು ಸಿಗರೇಟಿನ ಬಗ್ಗೆ ಕೆದಕಿ ಕೇಳಿರಬಹುದು, ಲೆಕ್ಕ ತುಸು ಹೆಚ್ಚಾಗಿ ಬರೆದುಕೊಂಡಿರಲೂಬಹುದು. ಡಾಲ್ ಮತ್ತು ಹಿಲ್ ಇದನ್ನು ಮುಚ್ಚಿಡಲಿಲ್ಲ, ‘ಎಚ್ಚರದಿಂದ ಓದಿ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲೂ ಇಲ್ಲ. ಕ್ಯಾನ್ಸರ್ ಎಂದು ಭಾವಿಸಿ ಸಂದರ್ಶಿಸಿದ್ದ ಕೆಲವರಿಗೆ ಆ ಕಾಯಿಲೆ ಇರಲಿಲ್ಲವೆಂದು ಆಮೇಲೆ ಗೊತ್ತಾಗಿತ್ತು. ಅವರನ್ನೇ ಬೇರೆಯಾಗಿ ತೆಗೆದು ನೋಡಿದರು. ಕೇಳುವವರು ಪಕ್ಷಪಾತ ಮಾಡಿದ್ದರೆ ಈ ಗುಂಪಿನ ಲೆಕ್ಕವೂ ಕ್ಯಾನ್ಸರ್ ರೋಗಿಗಳ ಲೆಕ್ಕದ ಹಾಗೆ ಇರಬೇಕಿತ್ತು. ಆದರೆ ಅದು ಬೇರೆ ಕಾಯಿಲೆಯವರ ಲೆಕ್ಕಕ್ಕೆ ಹೊಂದಿತು. ಹಾಗಾಗಿ ಧೂಮಪಾನ ಶ್ವಾಸಕೋಶದ ಕ್ಯಾನ್ಸರಿಗೆ ಒಂದು ಮುಖ್ಯ ಕಾರಣ ಎಂಬ ಅವರ ಮಾತು ಕೊರತೆಯನ್ನು ಹೇಳಿಕೊಂಡ ಮೇಲೂ ನಿಂತಿತು.

ಅವರು ಮಾಡಿದ್ದು ಸರಳ. ಕೊರತೆ ಏನು, ಅದು ಫಲಿತಾಂಶವನ್ನು ಯಾವ ಕಡೆಗೆ ವಾಲಿಸುತ್ತದೆ, ಎಷ್ಟು ವಾಲಿಸಿರಬಹುದು ಎಂದು ಕೇಳಿಕೊಂಡರು. ನಮ್ಮ ಪ್ರಬಂಧಗಳಲ್ಲಿ ಕಾಣದಿರುವುದು ಈ ದಿಕ್ಕಿನ ಪ್ರಶ್ನೆಯೇ.

ನಮ್ಮಲ್ಲೇ ನಡೆಯಬಹುದಾದ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸ್ವಸಹಾಯ ಸಂಘ ಸೇರಿದ ಹೆಂಗಸರ ಬಡ್ಡಿ ಸಾಲದ ಬಗ್ಗೆ ಒಬ್ಬಳು ಸಂಶೋಧನೆ ಮಾಡಿದ್ದಾಳೆ. ಮೂರು ವರ್ಷದ ಹಿಂದೆ ಆ ಸಂಘಗಳಿಗೆ ಸೇರಿದವರು 300 ಮಂದಿ. ಅವಳಿಗೆ ಮಾತಿಗೆ ಸಿಕ್ಕಿದ್ದು ಇವತ್ತೂ ಸಂಘದಲ್ಲಿರುವ 240 ಮಂದಿ. ಅವರಲ್ಲಿ 150 ಮಂದಿ, ಎಂದರೆ ಶೇ. 62.5ರಷ್ಟು, ಖಾಸಗಿ ಸಾಲ ಇಳಿದಿದೆ ಎಂದಿದ್ದಾರೆ. ಬಿಟ್ಟುಹೋದ 60 ಮಂದಿ ಯಾರು? ಕಂತು ಕಟ್ಟಲಾಗದೆ ಹೋದವರು, ಗುಳೆ ಹೋದವರು, ಜಗಳವಾಡಿ ಹೊರಬಿದ್ದವರು. ಅವರಲ್ಲಿ ಹೆಚ್ಚಿನವರ ಸಾಲ ಇಳಿದಿರಲಿಕ್ಕಿಲ್ಲ. ಅಂದರೆ ಈ ಕೊರತೆ ಸಂಘದ ಪ್ರಯೋಜನವನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ.

ಇಲ್ಲಿ ಗಾಬರಿಯಾಗಬೇಕಿಲ್ಲ, ಲೆಕ್ಕ ಹಾಕಬೇಕು. ಬಿಟ್ಟುಹೋದವರಲ್ಲಿ ಒಬ್ಬರ ಸಾಲವೂ ಇಳಿದಿಲ್ಲ ಎಂದೇ ಹಿಡಿಯೋಣ. ಆಗಲೂ 300ರಲ್ಲಿ 150, ಅಂದರೆ ಅರ್ಧ ಉಳಿಯುತ್ತದೆ.

ಇನ್ನೊಂದು ಕೊರತೆಯೂ ಇದೆ. ಪ್ರಶ್ನಾವಳಿ ತುಂಬಿಸಿದ್ದು ಸಂಘದ ವಾರದ ಸಭೆಯಲ್ಲಿ, ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತ ಕೂತಿರುವಾಗ. ಹೊರಗೆ ಮೀಟರ್ ಬಡ್ಡಿಗೆ ಸಾಲ ಮಾಡಿದ್ದೇನೆ ಎಂದು ಅಲ್ಲಿ ಯಾರು ಹೇಳುತ್ತಾರೆ? ಇದೂ ಅದೇ ಕಡೆಗೆ ವಾಲಿಸುವ ಕೊರತೆ. ಸಾಲ ಇಳಿದಿದೆ ಎಂದವರಲ್ಲಿ 30 ಮಂದಿಯನ್ನು ಅವಳು ಮತ್ತೆ ಮನೆಯಲ್ಲಿ ಒಬ್ಬೊಬ್ಬರನ್ನೇ ಕಂಡು ಕೇಳಿದಳು ಎನ್ನಿ. 6 ಮಂದಿ ಮಾತು ಬದಲಿಸಿದರು, ಐವರಲ್ಲಿ ಒಬ್ಬರು. ಅದೇ ಪ್ರಮಾಣದಲ್ಲಿ ಇಳಿಸಿದರೆ 150 ಇದ್ದದ್ದು ಸುಮಾರು 120 ಆಗುತ್ತದೆ. 300ರಲ್ಲಿ ಅದು ಶೇ. 40. ಮೂವತ್ತು ಮಂದಿಯ ಮೇಲೆ ಕಟ್ಟಿದ ಲೆಕ್ಕವಾದ್ದರಿಂದ ‘ಸುಮಾರು’ ಎಂಬ ಮಾತನ್ನು ಬಿಡುವಂತಿಲ್ಲ.

ಈಗ ಅವಳು ಮಿತಿಗಳ ಪುಟದಲ್ಲಿ ಹೀಗೆ ಬರೆಯಬಹುದು: ‘ಸಂಘ ಬಿಟ್ಟ 60 ಮಂದಿಯನ್ನು ಸಂದರ್ಶಿಸಲು ಆಗಲಿಲ್ಲ. ಸಭೆಯಲ್ಲಿ ಕೇಳಿದ್ದರಿಂದ ಖಾಸಗಿ ಸಾಲವನ್ನು ಕೆಲವರು ಮುಚ್ಚಿಟ್ಟಿರುವುದು ಮರುಸಂದರ್ಶನದಲ್ಲಿ ಕಂಡಿದೆ. ಎರಡೂ ಕಾರಣದಿಂದ ಶೇ. 62.5 ಎಂಬ ಅಂಕಿ ವಾಸ್ತವಕ್ಕಿಂತ ಹೆಚ್ಚಿರುವ ಸಂಭವವಿದೆ. ಬಿಟ್ಟವರಲ್ಲಿ ಯಾರ ಸಾಲವೂ ಇಳಿದಿಲ್ಲವೆಂದು ಹಿಡಿದರೂ, ಮುಚ್ಚಿಟ್ಟವರನ್ನು ಕಳೆದರೂ, ಹತ್ತರಲ್ಲಿ ಸುಮಾರು ನಾಲ್ವರ ಖಾಸಗಿ ಸಾಲ ಇಳಿದಿದೆ. ಸಂಘದ ಸಾಲ ಯಾವ ಖರ್ಚಿಗೆ ಹೋಯಿತು ಎಂಬ ಐದನೆಯ ಅಧ್ಯಾಯದ ವಿಶ್ಲೇಷಣೆ ಸಂಘದ ಸಾಲದ ಪುಸ್ತಕವನ್ನು ಆಧರಿಸಿದ್ದು, ಉತ್ತರದಾತರ ಮಾತನ್ನಲ್ಲ. ಆದ್ದರಿಂದ ಈ ಎರಡನೆಯ ಕೊರತೆ ಅದಕ್ಕೆ ತಟ್ಟುವುದಿಲ್ಲ.’

ಕೊನೆಯ ಎರಡು ವಾಕ್ಯಗಳು ನನಗೆ ಬಹಳ ಮುಖ್ಯವೆನಿಸುತ್ತವೆ. ಯಾವ ಕೊರತೆ ಯಾವ ಅಧ್ಯಾಯಕ್ಕೆ ಸೇರಿದ್ದು ಎಂದು ಹೆಸರು ಹೇಳಿ ಕಟ್ಟಿಹಾಕದಿದ್ದರೆ ಅದು ಇಡೀ ಪ್ರಬಂಧದ ಮೇಲೆ ಹರಡಿಕೊಳ್ಳುತ್ತದೆ. ಮನೆಗೆ ಹೋಗಿ ಮತ್ತೆ ಕೇಳಲು ಆಗದೇ ಹೋಗಿದ್ದರೆ? ಆಗ ಅಂಕಿ ಕೊಡಲು ಬರುವುದಿಲ್ಲ, ದಿಕ್ಕನ್ನು ಹೇಳಬಹುದು. ಅಷ್ಟನ್ನು ಹೇಳಿದರೂ ಓದುವವರ ಕೈಗೆ ಹಿಡಿಯಲು ಏನಾದರೂ ಸಿಗುತ್ತದೆ.

ಆದರೆ ಕೆಲವು ಕೊರತೆಗಳಿಗೆ ಈ ಪುಟದಲ್ಲಿ ಪರಿಹಾರವಿಲ್ಲ. ಇದೇ ಪ್ರಬಂಧದ ಶೀರ್ಷಿಕೆ ‘ಸ್ವಸಹಾಯ ಸಂಘಗಳ ಪರಿಣಾಮ’ ಎಂದಿದೆ ಎನ್ನೋಣ. ಸಂಘಕ್ಕೆ ಸೇರದ ಹೆಂಗಸರನ್ನು ಅವಳು ಕೇಳಿಯೇ ಇಲ್ಲ. ಆ ಮೂರು ವರ್ಷದಲ್ಲಿ ಮಳೆಬೆಳೆ ಚೆನ್ನಾಗಿ ಆಗಿ ಊರಿನ ಎಲ್ಲರ ಸಾಲವೂ ಇಳಿದಿರಬಹುದು. ಹೋಲಿಸಲು ಇನ್ನೊಂದು ಗುಂಪಿಲ್ಲದ ಮೇಲೆ ಪರಿಣಾಮ ಎನ್ನುವುದಕ್ಕೆ ಆಧಾರವಿಲ್ಲ. ಇದನ್ನು ಮಿತಿಗಳ ಪಟ್ಟಿಯಲ್ಲಿ ಮೂರನೆಯದಾಗಿ ತೂರಿಸಿ, ಶೀರ್ಷಿಕೆಯನ್ನು ಹಾಗೇ ಬಿಡುವುದು ಸರಿಯಲ್ಲ. ‘ಸಂಘ ಸೇರಿದ ಮಹಿಳೆಯರ ಸಾಲದ ಸ್ವರೂಪದಲ್ಲಿನ ಬದಲಾವಣೆ’ ಎಂದು ಶೀರ್ಷಿಕೆಯನ್ನೇ ತಿದ್ದಬೇಕು. ಇದರಿಂದ ಕೊಡುಗೆ ಸಣ್ಣದಾಗುತ್ತದೆ ಎಂದು ಮಾರ್ಗದರ್ಶಕರು ಅಳುಕಬಹುದು. ಆದರೆ ಮೌಖಿಕ ಪರೀಕ್ಷೆಯಲ್ಲಿ ಬಾಹ್ಯ ಪರೀಕ್ಷಕರು ಮೊದಲು ಬೆರಳಿಡುವುದು ಆ ‘ಪರಿಣಾಮ’ದ ಮೇಲೆಯೇ.

ಒಂದು ಕೆಲಸ ಉಳಿಯುತ್ತದೆ, ಅವಸರದಲ್ಲಿ ಬಿಟ್ಟುಹೋಗುವುದು ಅದೇ. ಮಿತಿಗಳ ಪುಟದಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಎಂದು ಬರೆದ ಮೇಲೆ ಸಾರಾಂಶವನ್ನೂ, ತೀರ್ಮಾನದ ಅಧ್ಯಾಯವನ್ನೂ, ಸರ್ಕಾರಕ್ಕೆ ಮಾಡಿದ ಶಿಫಾರಸುಗಳನ್ನೂ ಮತ್ತೆ ತೆರೆಯಬೇಕು. ಶೇ. 62.5 ಎಂಬ ಅಂಕಿ ಬಂದಲ್ಲೆಲ್ಲ ಅದರ ಪಕ್ಕದಲ್ಲಿ ‘ಸಂಘದಲ್ಲಿ ಉಳಿದವರಲ್ಲಿ, ಅವರೇ ಸಭೆಯಲ್ಲಿ ಹೇಳಿದಂತೆ’ ಎಂಬ ಮಾತು ಇದೆಯೇ ಎಂದು ಒಂದೊಂದಾಗಿ ನೋಡಬೇಕು.