ಯಾವ ಜೀವ ಯಾವ ಅಂಕಣಕ್ಕೆ?

ಜೈನ ಪಾಠಶಾಲೆಗಳಲ್ಲಿ ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಇಂದ್ರಿಯಗಳ ಕೋಷ್ಟಕವೂ ಒಂದು. ಹಲಗೆಯ ಮೇಲೆ ಐದು ಅಂಕಣಗಳನ್ನು ಗೀಚಿ, ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ತಲೆಬರಹ ಕೊಟ್ಟು, ಎರೆಹುಳು, ಇರುವೆ, ಜೇನ್ನೊಣ, ಹಸು ಎಂಬ ಹೆಸರುಗಳನ್ನು ಮಕ್ಕಳಿಂದಲೇ ತುಂಬಿಸುವುದು ವಾಡಿಕೆ. ನೋಡುವುದಕ್ಕೆ ಇದು ಸುಲಭವಾದ ಅಭ್ಯಾಸ. ಆದರೆ ಶ್ರಾವಕನ ಅಣುವ್ರತ ನಿಂತಿರುವುದು ಈ ಕೋಷ್ಟಕದ ಮೇಲೆಯೇ. ಯಾವ ಜೀವವನ್ನು ಯಾವ ಅಂಕಣದಲ್ಲಿ ಬರೆಯಲಾಯಿತೋ ಅದರಂತೆ ಅದರ ವಿಷಯದಲ್ಲಿ ಮನುಷ್ಯನ ಹೊಣೆಯೂ ನಿಶ್ಚಯವಾಗುತ್ತದೆ. ಆದ್ದರಿಂದ ಅಂಕಣ ತಪ್ಪಿದರೆ ಲೆಕ್ಕ ಮಾತ್ರವಲ್ಲ, ಆಚಾರವೂ ತಪ್ಪುತ್ತದೆ.

ಕೋಷ್ಟಕವೊಂದರ ಮೊದಲ ನಿಯಮವೆಂದರೆ ವಿಭಾಗಕ್ಕೆ ಒಂದೇ ಆಧಾರವಿರಬೇಕು. ಇಂದ್ರಿಯಗಳನ್ನು ಎಣಿಸಿ ವಿಂಗಡಿಸುವಲ್ಲಿ ಕಾಲುಗಳ ಎಣಿಕೆ ನುಸುಳಬಾರದು, ಗಾತ್ರ ನುಸುಳಬಾರದು, ಚಲನೆಯೂ ನುಸುಳಬಾರದು. ಮಕ್ಕಳು ಸಾಮಾನ್ಯವಾಗಿ ಎಡವುವುದು ಚಲನೆಯಲ್ಲಿ. ತ್ರಸವೆಂದರೆ ಚಲಿಸುವುದು, ಸ್ಥಾವರವೆಂದರೆ ನಿಂತಿರುವುದು ಎಂದು ಪದದ ಅರ್ಥವನ್ನಷ್ಟೇ ಹಿಡಿದವನು ಹರಿಯುವ ನೀರನ್ನೂ ಬೀಸುವ ಗಾಳಿಯನ್ನೂ ತ್ರಸದ ಕಡೆಗೆ ತಳ್ಳುತ್ತಾನೆ. ಅದೇ ನ್ಯಾಯದಿಂದ ಮೊಟ್ಟೆಯೊಳಗಿನ ಜೀವವನ್ನೂ ಮೂರ್ಛೆ ಹೋದವನನ್ನೂ ಸ್ಥಾವರವೆನ್ನಬೇಕಾಗುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯೂ ಅಕಲಂಕರ ರಾಜವಾರ್ತಿಕವೂ ಈ ಅರ್ಥವನ್ನು ನಿರಾಕರಿಸುತ್ತವೆ. ತ್ರಸ ನಾಮಕರ್ಮದ ಉದಯವುಳ್ಳದ್ದು ತ್ರಸ, ಸ್ಥಾವರ ನಾಮಕರ್ಮದ ಉದಯವುಳ್ಳದ್ದು ಸ್ಥಾವರ. ಈ ಕ್ಷಣದಲ್ಲಿ ಅದು ಅಲುಗಾಡುತ್ತಿದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಶ್ವೇತಾಂಬರ ಪರಂಪರೆಯ ತತ್ತ್ವಾರ್ಥ ಪಾಠದಲ್ಲಿ ಅಗ್ನಿ ಮತ್ತು ವಾಯುಗಳನ್ನು ಗತಿಯ ದೃಷ್ಟಿಯಿಂದ ತ್ರಸದೊಳಗೆ ಹೇಳಿರುವುದುಂಟು. ಎರಡು ಪಾಠಗಳೂ ತಂತಮ್ಮ ಆಧಾರಕ್ಕೆ ಬದ್ಧವಾಗಿವೆ. ದೋಷ ಹುಟ್ಟುವುದು ಒಂದರ ತಲೆಬರಹದ ಕೆಳಗೆ ಇನ್ನೊಂದರ ಹೆಸರುಗಳನ್ನು ಬರೆದಾಗ.

ಚೇಳಿನ ಉದಾಹರಣೆಯಿಂದ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯದಲ್ಲಿ ಹೇನು, ತಿಗಣೆ, ಇರುವೆಗಳ ಸಾಲಿನಲ್ಲಿ ಚೇಳೂ ತ್ರೀಂದ್ರಿಯವಾಗಿದೆ. ಶಾಂತಿಸೂರಿಗಳ ಜೀವವಿಚಾರದಲ್ಲಿ ಅದು ಚತುರಿಂದ್ರಿಯಗಳ ನಡುವೆ ಬರುತ್ತದೆ. ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೆ ಚೇಳಿಗೆ ಕಣ್ಣುಗಳಿವೆಯೆಂದೂ, ಎಂಟು ಕಾಲುಗಳಿರುವುದರಿಂದ ಅದು ಕೀಟವರ್ಗಕ್ಕೆ ಸೇರದೆಂದೂ ಕಾಣುತ್ತದೆ. ಮೂರನ್ನೂ ಒಂದೇ ಹಲಗೆಯ ಮೇಲೆ ಬೆರೆಸಿದ ಅಧ್ಯಾಪಕನು ಮಕ್ಕಳಿಗೆ ಯಾವುದನ್ನೂ ಕಲಿಸಿದಂತಾಗುವುದಿಲ್ಲ. ಕೋಷ್ಟಕದ ನೆತ್ತಿಯ ಮೇಲೆ ಅದು ಯಾವ ಗ್ರಂಥವನ್ನು ಅನುಸರಿಸುತ್ತದೆಂದು ಬರೆದು, ಅದಕ್ಕೇ ಕೊನೆಯವರೆಗೂ ನಿಷ್ಠನಾಗಿರುವುದು ಸರಿಯಾದ ಕ್ರಮ. ಅಂಗಡಿಯಲ್ಲಿ ಸರಕಿನ ಪುಸ್ತಕವೂ ನಗದಿನ ಪುಸ್ತಕವೂ ಬೇರೆಬೇರೆ ಇರುತ್ತವೆ. ಎರಡೂ ಸತ್ಯವೇ, ಆದರೂ ಒಂದರ ಮೊತ್ತವನ್ನು ಇನ್ನೊಂದರಲ್ಲಿ ಕೂಡಿಸುವವರಿಲ್ಲ.

ಹಾಗಾದರೆ ಗ್ರಂಥಗ್ರಂಥಗಳ ನಡುವೆ ಭೇದವಿರುವಾಗ ಶ್ರಾವಕನು ನಡೆಯುವುದು ಹೇಗೆ? ಕೋಷ್ಟಕದ ಎಲ್ಲ ಗೆರೆಗಳಿಗೂ ಒಂದೇ ತೂಕವಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಚೇಳು ಮೂರನೆಯ ಅಂಕಣದ್ದೋ ನಾಲ್ಕನೆಯದ್ದೋ ಎಂಬ ಭೇದದಿಂದ ಗೃಹಸ್ಥನ ವ್ರತ ಬದಲಾಗುವುದಿಲ್ಲ, ಎರಡೂ ತ್ರಸವೇ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತದ ಲಕ್ಷಣ ಹೇಳುವಾಗ ಸಮಂತಭದ್ರರು ಎಳೆಯುವ ಗೆರೆ ಬೇರೆಯದು. ಮನ, ವಚನ, ಕಾಯಗಳಿಂದ, ತಾನು ಮಾಡಿಯೂ ಇತರರಿಂದ ಮಾಡಿಸಿಯೂ ಮಾಡಿದ್ದನ್ನು ಒಪ್ಪಿಯೂ, ಸಂಕಲ್ಪಪೂರ್ವಕವಾಗಿ ತ್ರಸಜೀವಗಳನ್ನು ಕೊಲ್ಲದಿರುವುದು ಆ ವ್ರತ. ಆದುದರಿಂದ ಭಾರವೆಲ್ಲ ಬೀಳುವುದು ಏಕೇಂದ್ರಿಯಕ್ಕೂ ದ್ವೀಂದ್ರಿಯಕ್ಕೂ ನಡುವಿನ ಗೆರೆಯ ಮೇಲೆ, ಅದಕ್ಕಿಂತ ಮೊದಲು ಜೀವ ಮತ್ತು ಅಜೀವಗಳ ನಡುವಿನ ಗೆರೆಯ ಮೇಲೆ. ಮನುಷ್ಯನು ಲೋಭದಿಂದಲೋ ಆಲಸ್ಯದಿಂದಲೋ ಅಳಿಸಲು ಹೊರಡುವುದೂ ಈ ಎರಡು ಗೆರೆಗಳನ್ನೇ.

ಬಸದಿಯೊಂದರ ಉಗ್ರಾಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಚಾತುರ್ಮಾಸದಲ್ಲಿ ಬರುವ ತ್ಯಾಗಿಗಳ ಮತ್ತು ಯಾತ್ರಿಕರ ಊಟಕ್ಕೆಂದು ಆಷಾಢದಲ್ಲಿ 50 ಕಿಲೊ ಇಡೀ ಹೆಸರುಕಾಳು ಬಂದಿದೆಯೆಂದು ಭಾವಿಸಬೇಕು. ದಾಸ್ತಾನು ಪುಸ್ತಕದಲ್ಲಿ ಅದು ಒಂದೇ ಸಾಲು: ಹೆಸರುಕಾಳು, 50 ಕಿಲೊ, ಇಂತಿಷ್ಟು ದರ. ಇಂದ್ರಿಯ ಕೋಷ್ಟಕದ ದೃಷ್ಟಿಯಿಂದ ನೋಡಿದರೆ ಅದೇ ಸಾಲಿನಲ್ಲಿ ಬೇರೆಬೇರೆ ಅಂಕಣಗಳ ವಸ್ತುಗಳಿವೆ. ಸೆಣಬಿನ ಚೀಲ ಈಗ ಅಜೀವ. ಮೊಳೆಯಬಲ್ಲ ಕಾಳು ಸಚಿತ್ತ. ಸಚಿತ್ತತ್ಯಾಗಿಯು ಬಿಡಬೇಕಾದವುಗಳಲ್ಲಿ ಬೀಜವನ್ನೂ ರತ್ನಕರಂಡಕವು ಹೇಳುತ್ತದೆ. ಕಾಳಿನ ಮೇಲೆ ಹುಳುವಿನ ಮೊಟ್ಟೆಯಿದ್ದರೆ ಅದು ತ್ರಸ.

ಈ ಮೊಟ್ಟೆಯನ್ನು ಗುರುತಿಸುವುದು ಕಷ್ಟವಲ್ಲ. ದ್ವಿದಳ ಧಾನ್ಯವನ್ನು ಕೊರೆಯುವ ಸಣ್ಣ ದುಂಬಿ ಹೊಲದಲ್ಲಿ ಕಾಯಿ ಬಲಿಯುವಾಗಲೇ ಅಲ್ಲಿಗೆ ಬರುವುದುಂಟು. ಉಗ್ರಾಣ ಸೇರಿದ ಮೇಲೆ ಕಾಳಿನ ಸಿಪ್ಪೆಗೇ ಮೊಟ್ಟೆಯನ್ನು ಅಂಟಿಸುತ್ತದೆ. ಒಳ್ಳೆಯ ಬೆಳಕಿನಲ್ಲಿ ಅದು ಬಿಳಿಯ ಚುಕ್ಕೆಯಂತೆ ಕಾಣುತ್ತದೆ. ಧೂಳಾದರೆ ಉಜ್ಜಿದಾಗ ಹೋಗುತ್ತದೆ, ಮೊಟ್ಟೆ ಸುಲಭವಾಗಿ ಹೋಗುವುದಿಲ್ಲ. ಕೆಲವೇ ದಿನಗಳಲ್ಲಿ ಮರಿಯು ಮೊಟ್ಟೆಯ ಅಡಿಯಿಂದಲೇ ಕಾಳಿನೊಳಕ್ಕೆ ಕೊರೆದು ಹೋಗಿ ಅಲ್ಲಿಯೇ ತಿಂದು ಬೆಳೆಯುತ್ತದೆ. ಆ ಕಾಲದಲ್ಲಿ ಕಾಳು ಹೊರಗಿನಿಂದ ಹೆಚ್ಚುಕಡಿಮೆ ಇಡಿಯಾಗಿಯೇ ತೋರುತ್ತದೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ದುಂಡನೆಯ ತೂತು ಮಾಡಿಕೊಂಡು ರೆಕ್ಕೆಯ ದುಂಬಿ ಹೊರಬರುತ್ತದೆ. ತೂತು ಕಂಡಾಗ ಹುಳು ಹಿಡಿಯಿತೆಂದು ಗುಮಾಸ್ತನು ಬರೆಯುತ್ತಾನೆ. ನಿಜವಾಗಿ ಹಿಡಿದದ್ದು ಅದಕ್ಕೆ ಒಂದು ತಿಂಗಳ ಮೊದಲು.

ಚೀಲ ಬಂದ ದಿನವೇ 100 ಕಾಳುಗಳನ್ನು ಎಣಿಸಿ ನೋಡಿದಾಗ ಮೂರರ ಮೇಲೆ ಚುಕ್ಕೆ ಕಂಡಿತೆಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. ನೂರು ಕಾಳಿಗೆ 4 ಗ್ರಾಂ ತೂಕವೆಂದು ಹಿಡಿದರೆ ಕಿಲೊ ಒಂದಕ್ಕೆ 25,000 ಕಾಳು. ಅದರಲ್ಲಿ ನೂರಕ್ಕೆ ಮೂರರಂತೆ 750. 50 ಕಿಲೊಗೆ 37,500. ದಾಸ್ತಾನು ಪುಸ್ತಕದ ಒಂದು ಸಾಲಿನೊಳಗೆ ಅಷ್ಟು ತ್ರಸಜೀವಗಳು ಹೆಸರಿಲ್ಲದೆ ಸೇರಿಕೊಂಡಿವೆ.

ಅಂಕಣ ಬೆರೆಸುವ ಪ್ರಲೋಭನೆ ಹುಟ್ಟುವುದು ಈಗ. ಮೊಟ್ಟೆ ಅಲುಗಾಡದು, ಆದ್ದರಿಂದ ಅದೊಂದು ಚುಕ್ಕೆ ಎಂದು ಒಬ್ಬರು ಹೇಳಬಹುದು. ಇದು ಹರಿಯುವ ನೀರಿನ ವಿಷಯದಲ್ಲಿ ಮಕ್ಕಳು ಮಾಡುವ ತಪ್ಪೇ. ಚಲನೆಯಿಂದ ಅಂಕಣವನ್ನು ನಿರ್ಧರಿಸಿದಂತಾಯಿತು. ಒಳಗಿನ ಮರಿ ಕಾಲಿಲ್ಲದ ಹುಳು, ಆದ್ದರಿಂದ ದ್ವೀಂದ್ರಿಯ, ಹೊರಬಂದ ದುಂಬಿ ಬೇರೆ ಅಂಕಣದ್ದು ಎಂದು ಇನ್ನೊಬ್ಬರು ಹೇಳಬಹುದು. ಅದೂ ನಿಲ್ಲದು. ಏಕೆಂದರೆ ಜಾತಿ ನಾಮಕರ್ಮವು ಒಂದು ಜನ್ಮದುದ್ದಕ್ಕೂ ಒಂದೇ. ಆಕಾರ ಬದಲಾದ ಮಾತ್ರಕ್ಕೆ ಜೀವವು ನಡುವೆ ಅಂಕಣ ದಾಟುವುದಿಲ್ಲ. ಜೀವವಿಚಾರವು ಧಾನ್ಯಕೀಟವನ್ನು ತ್ರೀಂದ್ರಿಯದಲ್ಲಿ ಹೇಳುತ್ತದೆ. ಪಂಚಾಸ್ತಿಕಾಯದ ದಾರಿಯಲ್ಲಿ ನಡೆಯುವವರು ರೆಕ್ಕೆಯನ್ನು ನೋಡಿ ಪತಂಗಾದಿಗಳ ಜೊತೆಗೆ ಚತುರಿಂದ್ರಿಯವೆನ್ನಬಹುದು. ಆ ಚರ್ಚೆ ಮುಂದುವರಿಯಲಿ. ಮೊಟ್ಟೆ, ಮರಿ, ದುಂಬಿ ಮೂರೂ ತ್ರಸದ ಕಡೆಯವೆಂಬುದರಲ್ಲಿ ವಿವಾದವಿಲ್ಲ.

ಮೂರನೆಯ ಬೆರಕೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಉಗ್ರಾಣವನ್ನು ಮುಚ್ಚಿ ವಿಷಾನಿಲದ ಮಾತ್ರೆಗಳನ್ನಿಟ್ಟು ಹುಳು ಕೊಲ್ಲಿಸಿದ ಖರ್ಚನ್ನು ಪುಸ್ತಕದಲ್ಲಿ ‘ಶುದ್ಧೀಕರಣ ವೆಚ್ಚ’ವೆಂದು ಬರೆಯುತ್ತಾರೆ. ಕೇಳಿದರೆ ಇದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅನಿವಾರ್ಯವೆಂಬ ಉತ್ತರ ಬರುತ್ತದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಅಂಕಣಗಳ ಆಧಾರ ಕರ್ತೃವಿನ ಭಾವ. ಕೆಲಸ ನಡೆಯುವ ಸ್ಥಳವಲ್ಲ. ಎಚ್ಚರದಿಂದ ವ್ಯಾಪಾರ ಮಾಡುವಾಗ ತಪ್ಪಿಸಿದರೂ ತಪ್ಪದೆ ಆಗುವುದು ಉದ್ಯೋಗೀ. ಕೊಲ್ಲುವುದೇ ಉದ್ದೇಶವಾಗಿರುವ ಕೆಲಸವು ಅಂಗಡಿಯಲ್ಲಿ ನಡೆದರೂ ಸಂಕಲ್ಪೀ. ಕೂಲಿಯವನ ಕೈಯಿಂದ ಮಾಡಿಸಿದರೆ ಅದು ಮಾಡಿಸಿದ ಹಿಂಸೆ, ಮಾಡಿದವರ ಬಿಲ್ಲಿಗೆ ಸಹಿ ಹಾಕಿದರೆ ಒಪ್ಪಿದ ಹಿಂಸೆ. ತಲೆಬರಹ ಬದಲಿಸಿದರೆ ಖರ್ಚಿನ ಸ್ವರೂಪ ಬದಲಾಗದೆಂಬುದನ್ನು ಲೆಕ್ಕ ಬಲ್ಲ ಯಾರೂ ಅಲ್ಲಗಳೆಯಲಾರರು.

ಮಾಡಬೇಕಾದ ಕೆಲಸವಿರುವುದು ಮೊಟ್ಟೆಯಿಡುವುದಕ್ಕೆ ಮೊದಲು. ಈ ದುಂಬಿ ಬೆಳೆಯುವುದು ಮುಖ್ಯವಾಗಿ ಇಡೀ ಕಾಳಿನಲ್ಲಿ. ಬೇಳೆ ಮಾಡಿಟ್ಟರೆ ಅದರ ಕಾಟ ಬಹಳ ಕಡಿಮೆ. ಇಡೀ ಕಾಳೇ ಬೇಕಾದಲ್ಲಿ ತಿಂಗಳಿಗೆ ಸಾಲುವಷ್ಟನ್ನು ಮಾತ್ರ ತರಬೇಕು. ಚುಕ್ಕೆಯಿಲ್ಲದ ಒಣಗಿದ ಕಾಳಿಗೆ ಹರಳೆಣ್ಣೆ ಸವರಿ ಬಾಯಿ ಬಿಗಿಯಾದ ಡಬ್ಬಿಯಲ್ಲಿಟ್ಟರೆ ದುಂಬಿ ಅದರ ಮೇಲೆ ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ. ಚುಕ್ಕೆ ಮೂಡಿದ ಮೇಲೆ ಎಣ್ಣೆ ಸವರಿದರೆ ಅದೇ ಎಣ್ಣೆ ಮೊಟ್ಟೆಯನ್ನು ಕೊಲ್ಲುತ್ತದೆ. ಸುಡುಬಿಸಿಲಿನಲ್ಲಿ ಹರಡಿದರೂ ಹಾಗೆಯೇ, ದುಂಬಿ ಹಾರಿಹೋದೀತು, ಒಳಗಿನ ಮರಿ ಬೇಯುತ್ತದೆ. ಒಂದೇ ಎಣ್ಣೆ ಮೊದಲು ರಕ್ಷೆ, ಆಮೇಲೆ ಹಿಂಸೆ. ನಡುವೆ ಇರುವುದು ಒಂದು ಚುಕ್ಕೆ.

ಈಗಾಗಲೇ ಚುಕ್ಕೆ ಮೂಡಿದ ಚೀಲಕ್ಕೆ ನಿರ್ದೋಷವಾದ ದಾರಿಯಿಲ್ಲ. ಹಿಂದಕ್ಕೆ ಕಳುಹಿಸಿದರೆ ಜೀವಗಳು ಬೇರೊಬ್ಬರ ಉಗ್ರಾಣಕ್ಕೆ ಹೋಗುತ್ತವೆ, ಅಷ್ಟೆ. ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿ ಹುಳು ಹಿಡಿದ ಧಾನ್ಯಕ್ಕೆಂದೇ ಒಂದು ಕೋಣೆಯನ್ನು ಬಿಟ್ಟಿರುತ್ತಿದ್ದರು. ಟ್ರಸ್ಟಿನವರು ಅಂಥ ಚೀಲವನ್ನು ನೆರಳಿನ ಮೂಲೆಯಲ್ಲಿ ಬೇರೆಯಾಗಿರಿಸಿ, ಅದರ ಬೆಲೆಯನ್ನು ನಷ್ಟವೆಂದು ಬರೆಯಬಹುದು. ವ್ಯಾಪಾರದ ಲೆಕ್ಕದಲ್ಲಿ ಖಾತೆ ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಅನಾಮತ್ತು ಖಾತೆಯಲ್ಲಿ ಇಡುವುದುಂಟು. ಲಾಭದ ಖಾತೆಗೆ ಸೇರಿಸಿಬಿಡುವುದಿಲ್ಲ. ಜೀವವೋ ಅಲ್ಲವೋ ಎಂಬ ಸಂಶಯವಿರುವಲ್ಲಿಯೂ ಅದೇ ಮರ್ಯಾದೆ ಸಲ್ಲುತ್ತದೆ. ತಿಳಿಯುವವರೆಗೆ ಅದನ್ನು ಜೀವದ ಕಡೆಗೇ ಬರೆದಿರಬೇಕು.

ಮೊದಲು ಅಂಕಣ, ಆಮೇಲೆ ಬೆಲೆ ಎಂಬುದು ಕ್ರಮ. ಬೆಲೆಯನ್ನು ನೋಡಿ ಅಂಕಣವನ್ನು ಆರಿಸಿದವನ ಕೋಷ್ಟಕದಲ್ಲಿ ಗೆರೆಗಳೆಲ್ಲ ನೇರವಾಗಿರಬಹುದು, ಕೂಡಿಸಿದ ಮೊತ್ತವೂ ಸರಿಯಿರಬಹುದು. ಚೀಲದೊಳಗಿನ 37,500 ಮಾತ್ರ ಎಲ್ಲಿಯೂ ಬರೆಯದೆ ಉಳಿದಿರುತ್ತವೆ. ಪಾಠಶಾಲೆಯ ಮಕ್ಕಳನ್ನು ಒಂದು ದಿನ ಹಲಗೆಯ ಮುಂದಿನಿಂದ ಎಬ್ಬಿಸಿ, ಬಸದಿಯ ಉಗ್ರಾಣಕ್ಕೆ ಕರೆದೊಯ್ದು, ಅಂಗೈ ತುಂಬ ಹೆಸರುಕಾಳು ಕೊಟ್ಟು, ಇದರಲ್ಲಿ ಎಷ್ಟು ಅಂಕಣಗಳಿವೆಯೆಂದು ಕೇಳುವುದು ಒಳ್ಳೆಯದು.